‘ತೆ ಕಿಯೆರೊ’ ಅಂದ್ರ ಸಾಕಲ್ಲ?

ಹೋದ ವರ್ಷ ನಮ್ಮ ಅಪ್ಪ–ಅವ್ವನ ಮದುವೆಗೆ 25 ವರ್ಷ ತುಂಬಿತು. ಅದೇ ವಾರ ನನ್ನ ಸ್ಪ್ಯಾನಿಷ್ ಆನ್‌ಲೈನ್ ಕ್ಲಾಸಿನಲ್ಲಿ ಒಂದು ಹೋಂವರ್ಕ್ ಬಂತು. 25 ವರ್ಷ ಸಂಸಾರ ಮಾಡಿದ ಗಂಡ ತನ್ನ ಹೆಂಡತಿಗೆ ಬರೆಯುವ ಪತ್ರ, ನೂರು ಪದದೊಳಗೆ. ನಾನು ಖುಷಿಯಿಂದ ಕೂತೆ. ಮನೆಯಲ್ಲೇ ಉದಾಹರಣೆ ಇದ್ದಾಗ ಬರೆಯಲು ಎಷ್ಟು ಹೊತ್ತು? ದುರ್ಗದಬೈಲಿನ ಅಂಗಡಿಗೆ ಹೊರಟ ಅಪ್ಪ, ಹಿಂದಿನಿಂದ ಡಬ್ಬಿ ಹಿಡಿದು ಓಡಿಬರುವ ಅವ್ವ, ನಡುವೆ ಐದಾರು ಸಲ ‘ತೆ ಆಮೊ’. ಇಂಟರ್‌ನೆಟ್ಟಿನಲ್ಲಿ ನೋಡಿದ ಒಂದು ಏಣಿಯ ಚಿತ್ರ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಕೆಳಗಿನ ಮೆಟ್ಟಿಲು ‘ಮೆ ಗುಸ್ತಾಸ್’, ನಡುವಿನದು ‘ತೆ ಕಿಯೆರೊ’, ತುದಿಯಲ್ಲಿ ‘ತೆ ಆಮೊ’. ಹೊಸ ಪ್ರೀತಿಗೆ ನಡುವಿನದು, ಮದುವೆಯಾಗಿ ವರ್ಷಗಳು ಉರುಳಿದವರಿಗೆ ಮೇಲಿನದು. ಲೆಕ್ಕ ಸರಳ.

ಪತ್ರವನ್ನು ಕ್ಲಾಸಿಗೆ ಕಳಿಸುವ ಮೊದಲು, ವಾರಕ್ಕೊಮ್ಮೆ ನನ್ನ ಜೊತೆ ಫೋನಿನಲ್ಲಿ ಮಾತಾಡುವ ಇಬ್ಬರಿಗೆ ತೋರಿಸಿದೆ. ಒಬ್ಬರು ಸ್ಪೇನಿನ ಸರಗೋಸ ಊರಿನ ನಿವೃತ್ತ ಶಿಕ್ಷಕಿ. ಅವರಿಗೆ ಇಂಗ್ಲಿಷ್ ಅಭ್ಯಾಸ ಬೇಕು, ನನಗೆ ಸ್ಪ್ಯಾನಿಷ್. ಇನ್ನೊಬ್ಬಳು ಮೆಕ್ಸಿಕೊದ ಪುಯೆಬ್ಲ ಊರಿನ ನರ್ಸಿಂಗ್ ವಿದ್ಯಾರ್ಥಿನಿ, ನನ್ನ ವಯಸ್ಸಿನವಳು.

ಶಿಕ್ಷಕಿ ಪತ್ರ ಓದಿ ನಕ್ಕರು. ಕೆಟ್ಟದಾಗಿ ಅಲ್ಲ, ಆದರೂ ನಕ್ಕರು. “ವ್ಯಾಕರಣ ಸರಿ ಇದೆ, ಆದರೆ ಈ ಗಂಡ ಟಿ.ವಿ. ಸೀರಿಯಲ್ಲಿನಿಂದ ಎದ್ದು ಬಂದಂತಿದ್ದಾನೆ” ಎಂದರು. ಅವರ ಮದುವೆಯಾಗಿ 41 ವರ್ಷ. ಅಷ್ಟು ವರ್ಷವೂ ಮನೆಯಲ್ಲಿ ನಡೆದದ್ದು ‘ತೆ ಕಿಯೆರೊ’ ಒಂದೇ. ಗಂಡ ಪ್ರೀತಿಸಲು ಶುರು ಮಾಡಿದಾಗಲೂ ಅದೇ, ಮೊನ್ನೆ ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರ್ ಮೇಲೆ ಮಲಗಿದಾಗಲೂ ಅದೇ. ‘ತೆ ಆಮೊ’ ಎಂದಿದ್ದರೆ ಏನನಿಸುತ್ತಿತ್ತು ಎಂದು ಕೇಳಿದೆ. “ಇವರಿಗೆ ಡಾಕ್ಟರ್ ನನಗೆ ಹೇಳದೇ ಇದ್ದದ್ದು ಏನೋ ಹೇಳಿದ್ದಾರೆ ಅಂದುಕೊಳ್ಳುತ್ತಿದ್ದೆ” ಎಂದರು.

ಪುಯೆಬ್ಲದ ಗೆಳತಿ ಅದೇ ಪತ್ರಕ್ಕೆ ಕಣ್ಣೀರಿನ ಇಮೋಜಿ ಹಾಕಿದಳು. ಒಂದು ಪದವೂ ಬದಲಿಸಬೇಡ ಅಂದಳು. ಅವಳ ಅಪ್ಪ ಅವಳ ಅಮ್ಮನಿಗೆ ‘ತೆ ಆಮೊ’ ಎನ್ನುತ್ತಾನೆ, ಫೋನ್ ಇಡುವಾಗ ಮಗಳಿಗೂ ಅದನ್ನೇ ಎನ್ನುತ್ತಾನೆ. ಅವಳ ಮನೆಯಲ್ಲಿ ಅದು ಹಬ್ಬದ ಸೀರೆಯಲ್ಲ, ದಿನಾ ಉಡುವ ಸೀರೆ. ‘ತೆ ಕಿಯೆರೊ’ ಅವಳು ಹೆಚ್ಚು ಬಳಸುವುದು ಗೆಳತಿಯರಿಗೆ. ಅವರಲ್ಲಿ ಮೆಸೇಜಿನ ಕೊನೆಗೆ TQM ಎಂದು ಒತ್ತುವ ರೂಢಿ ಇದೆ. ‘ತೆ ಕಿಯೆರೊ ಮುಚೊ’, ಅಂದರೆ ನಿನ್ನ ಮೇಲೆ ಬಹಳ ಪ್ರೀತಿ, ಎಂಬುದರ ಮೊದಲಕ್ಷರಗಳು. ಪರೀಕ್ಷೆಯ ನೋಟ್ಸ್ ಕೊಟ್ಟವಳಿಗೂ ಅದು ಹೋಗುತ್ತದೆ.

ಒಂದೇ ಭಾಷೆ, ಒಂದೇ ಪತ್ರ, ಎರಡು ತೀರ್ಪು. ನನ್ನ ಏಣಿ ಅಲ್ಲಿಗೇ ಅಲುಗಾಡಿತು.

ಈ ಎರಡು ಮಾತುಗಳಲ್ಲಿ ‘ಆಮೊ’ ಅರ್ಥಮಾಡಿಕೊಳ್ಳಲು ಸುಲಭ. ಲ್ಯಾಟಿನ್ನಿನಲ್ಲೂ ಪ್ರೀತಿಯೇ, ಇಲ್ಲೂ ಪ್ರೀತಿಯೇ. ತಲೆ ಕೆಡಿಸುವುದು ‘ಕಿಯೆರೊ’. ಅದರ ಮೂಲ ಕ್ರಿಯಾಪದ ‘ಕೆರೆರ್’. ಲ್ಯಾಟಿನ್ನಿನಲ್ಲಿ ಹುಡುಕು, ಕೇಳು ಎಂಬ ಅರ್ಥದ ಪದ ಸ್ಪ್ಯಾನಿಷಿಗೆ ಬರುವ ಹೊತ್ತಿಗೆ ‘ಬೇಕು’ ಆಯಿತು, ಅಲ್ಲಿಂದ ‘ಪ್ರೀತಿಸು’ ಎಂಬಲ್ಲಿಗೂ ಬಂತು. ಇವತ್ತಿಗೂ ಎರಡೂ ಅರ್ಥ ಒಟ್ಟಿಗೇ ಬದುಕಿವೆ. ಹೋಟೆಲಿನಲ್ಲಿ ‘ಕಿಯೆರೊ ಉನ್ ಕಫೆ’ ಎಂದರೆ ಒಂದು ಕಾಫಿ ಬೇಕು. ಅದಕ್ಕೇ ನಮ್ಮ ಕ್ಲಾಸಿನಲ್ಲಿ ಒಬ್ಬ, “ತೆ ಕಿಯೆರೊ ಅಂದರೆ ‘ನೀನು ಬೇಕು’ ಅಂತಲ್ಲವೇ, ಅದು ಪ್ರೀತಿಗಿಂತ ಕೀಳು ಅಲ್ಲವೇ” ಎಂದು ಕೇಳಿದ. ಇಂಗ್ಲಿಷಿಗೆ ಅನುವಾದಿಸಿಕೊಂಡು ಕಲಿಯುವವರು ಬೀಳುವ ಮೊದಲ ಗುಂಡಿ ಇದು. ಇಂಗ್ಲಿಷಿನಲ್ಲಿ ‘ಐ ವಾಂಟ್ ಯೂ’ ಎಂದರೆ ಬೇರೆಯದೇ ವಾಸನೆ.

ಕನ್ನಡದಿಂದ ಹೋದವರಿಗೆ ಆ ಗುಂಡಿ ಇರಬೇಕಾಗಿಲ್ಲ. “ಅವರು ನಮಗ ಬೇಕಾದ ಮಂದಿ” ಎಂದು ಅವ್ವ ಹೇಳುವಾಗ ಅಲ್ಲಿರುವುದು ಯಾವ ಬೇಕು? ಲಗ್ನಕ್ಕೆ ಮೊದಲ ಪತ್ರಿಕೆ ಕೊಡಬೇಕಾದ ಮನೆ, ಸತ್ತರೆ ಕೆಲಸ ಬಿಟ್ಟು ಓಡಬೇಕಾದ ಮನೆ. ಕಾಫಿ ಬೇಕು ಎನ್ನುವ ಅದೇ ಪದ, ಜೀವಕ್ಕೆ ಹತ್ತಿರದವರು ಎಂಬ ಅರ್ಥಕ್ಕೆ ಏರಿದೆ. ಇನ್ನೊಂದು ಪುರಾವೆ ನಮ್ಮ ನಾಲಿಗೆಯ ಮೇಲೇ ಇದೆ. ಹುಬ್ಬಳ್ಳಿ–ಧಾರವಾಡದಲ್ಲಿ ದಿನಕ್ಕೆ ಇಪ್ಪತ್ತು ಸಲ ‘ಒಲ್ಲೆ’ ಎನ್ನುತ್ತೇವೆ. ಚಾ ಒಲ್ಲೆ, ಬರಾಕ ಒಲ್ಲೆ. ಆ ‘ಒಲ್ಲೆ’ಯೂ ಕವಿಗಳ ‘ಒಲವೂ’ ಒಂದೇ ಧಾತುವಿನ ಮಕ್ಕಳು. ನೋಡಲು ಬಂದ ಹುಡುಗನನ್ನು ಹುಡುಗಿ “ಒಲ್ಲೆ” ಎಂದಳಂತೆ ಎಂದರೆ, ಬೇಡ ಎಂದಳೋ ಒಲವಿಲ್ಲ ಎಂದಳೋ, ಬೇರ್ಪಡಿಸಿ ಹೇಳಲು ಬರುವುದಿಲ್ಲ. ‘ಕೆರೆರ್’ ನಿಂತಿರುವುದು ಇದೇ ಜಾಗದಲ್ಲಿ. ಸ್ಪ್ಯಾನಿಷಿನಲ್ಲಿ ‘ನೊ ತೆ ಕಿಯೆರೊ’ ಎಂದರೆ ನಮ್ಮ ‘ನಾ ನಿನ್ನ ಒಲ್ಲೆ’ ಎಂಬುದಕ್ಕೆ ತೀರಾ ಹತ್ತಿರ.

ಹಾಗಾದರೆ ಯಾವುದು ಬೇಕು, ಯಾವುದು ಪ್ರೀತಿ ಎಂದು ಅವರಿಗೆ ಗೊತ್ತಾಗುವುದು ಹೇಗೆ? ‘ಆ’ ಎಂಬ ಒಂದಕ್ಷರದ ಉಪಸರ್ಗದಿಂದ. ‘ಕಿಯೆರೊ ಉನ್ ಮಾರಿದೊ’ ಎಂದರೆ ನನಗೊಬ್ಬ ಗಂಡ ಬೇಕು. ಯಾರಾದರೂ ಸರಿ, ವಧೂವರರ ಜಾಹೀರಾತಿನ ಭಾಷೆ. ‘ಕಿಯೆರೊ ಆ ಮಿ ಮಾರಿದೊ’ ಎಂದರೆ ನನ್ನ ಗಂಡನ ಮೇಲೆ ನನಗೆ ಪ್ರೀತಿ. ಕರ್ಮಸ್ಥಾನದಲ್ಲಿ ನಿರ್ದಿಷ್ಟ ವ್ಯಕ್ತಿಯೊಬ್ಬರಿದ್ದರೆ ಅವರ ಮುಂದೆ ಈ ‘ಆ’ ಬಂದು ಕೂರುತ್ತದೆ. ಬಂತೆಂದರೆ ಬೇಕು ಹೋಗಿ ಪ್ರೀತಿ ಆಗುತ್ತದೆ. ಹುಡುಕುತ್ತಿದ್ದವಳಿಗೆ ಸಿಕ್ಕ ಹಾಗೆ.

ಇನ್ನೊಂದು ಎಚ್ಚರಿಕೆ, ಇದು ನಗೆಪಾಟಲಿನಿಂದ ಕಲಿತದ್ದು. ನಮ್ಮ ಬ್ಯಾಚಿನ ಹುಡುಗಿಯೊಬ್ಬಳಿಗೆ ಕೊಲಂಬಿಯಾದ ಹುಡುಗನೊಬ್ಬ ಮಾತಿನ ಜೊತೆಗಾರ. ಒಂದು ರಾತ್ರಿ ಅವಳ ಫೋನಿನ ಪರದೆಯ ಮೇಲೆ ಅರ್ಧ ಮೆಸೇಜ್ ಹೊಳೆಯಿತು: ‘ತೆ ಕಿಯೆರೊ...’ ಮುಂದಿನದು ಕಾಣುತ್ತಿರಲಿಲ್ಲ. ತೆರೆದು ನೋಡಲು ಧೈರ್ಯ ಸಾಲದೆ ನನಗೆ ಫೋನ್ ಮಾಡಿದಳು. ತೆರೆದಾಗ ಇದ್ದದ್ದು ‘ತೆ ಕಿಯೆರೊ ಪ್ರೆಗುಂತಾರ್ ಉನ ಕೊಸ’, ನಿನಗೊಂದು ವಿಷಯ ಕೇಳಬೇಕು. ಅವನಿಗೆ ಇಂಗ್ಲಿಷಿನ ಭೂತಕಾಲದಲ್ಲಿ ಸಂಶಯವಿತ್ತು, ಅಷ್ಟೆ. ‘ಕಿಯೆರೊ’ ಆದ ಮೇಲೆ ಆರ್, ಎರ್, ಇರ್ ಎಂದು ಮುಗಿಯುವ ಇನ್ನೊಂದು ಕ್ರಿಯಾಪದ ಬಂದರೆ ಅಲ್ಲಿ ಪ್ರೀತಿ ಇಲ್ಲ, ‘ಮಾಡಬೇಕು’ ಮಾತ್ರ ಇದೆ. ‘ತೆ ಕಿಯೆರೊ ವೆರ್’ ಎಂದರೆ ನಿನ್ನನ್ನು ನೋಡಬೇಕು. ಅದರಲ್ಲಿ ಸ್ವಲ್ಪ ಪ್ರೀತಿ ಇರಬಹುದು, ಆದರೆ ವ್ಯಾಕರಣ ಜಾಮೀನು ಕೊಡುವುದಿಲ್ಲ.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಹೊಸ ಸಂಬಂಧಕ್ಕೆ ಯಾವುದು ಎಂದರೆ ನನ್ನ ಉತ್ತರ ‘ತೆ ಕಿಯೆರೊ’. ಇದರಲ್ಲಿ ಏಣಿಯ ಚಿತ್ರ ಸರಿಯಾಗಿಯೇ ಇದೆ. ಅದಕ್ಕಿಂತ ಮೊದಲಿನ ‘ಮೆ ಗುಸ್ತಾಸ್’ ಇನ್ನೂ ಹಗುರ, ನೀ ನನಗ ಸೇರ್ತಿ ಎಂದ ಹಾಗೆ. ವಾಕ್ಯದ ಕಟ್ಟಡವೂ ನಮ್ಮದೇ. ಬದನಿಕಾಯಿ ನನಗ ಸೇರತದ ಎನ್ನುವಾಗ ಹೇಗೆ ಬದನಿಕಾಯಿಯೇ ಕರ್ತೃವೋ, ಅಲ್ಲಿಯೂ ಮೆಚ್ಚಿಗೆಯಾದವನೇ ಕರ್ತೃ. ಆಮೇಲೆ ಬರುವ ‘ತೆ ಕಿಯೆರೊ’ದ ಗುಣವೆಂದರೆ, ಅದು ಈಗಾಗಲೇ ಬಳಕೆಯಲ್ಲಿರುವ ಮಾತು. ತಾಯಿಗೆ, ತಮ್ಮನಿಗೆ, ಗೆಳತಿಗೆ ಹೇಳಿ ಹೇಳಿ ಸವೆದು ಮೆತ್ತಗಾದ ಮಾತನ್ನೇ ಹೊಸಬನಿಗೂ ಹೇಳುತ್ತೀರಿ. ಅಂದರೆ, ನನ್ನ ಬೇಕಾದ ಮಂದಿಯ ಸಾಲಿನಲ್ಲಿ ನೀನೂ ಸೇರಿದೆ ಎಂದಷ್ಟೇ ತಿಳಿಸುತ್ತೀರಿ. ಅವನು ಆಣೆ ಪ್ರಮಾಣ ಮಾಡಬೇಕಾಗಿಲ್ಲ.

‘ತೆ ಆಮೊ’ ಹಾಗಲ್ಲ. ಅದು ಬಂದ ಕೂಡಲೇ ಎದುರಿನವರು ಅಷ್ಟೇ ತೂಕದ ಉತ್ತರ ಕೊಡಬೇಕು. ಇದು ನನ್ನ ಊಹೆಯಲ್ಲ, ಉತ್ತರದಲ್ಲೇ ಕಾಣುತ್ತದೆ. ಒಬ್ಬರು ‘ತೆ ಆಮೊ’ ಎಂದಾಗ ಇನ್ನೊಬ್ಬರು ‘ಯೊ ತಾಂಬಿಯೆನ್ ತೆ ಕಿಯೆರೊ’, ನನಗೂ ನಿನ್ನ ಮೇಲೆ ಪ್ರೀತಿ ಎಂದರೆ, ಶಬ್ದಾರ್ಥದಲ್ಲಿ ಒಪ್ಪಿಗೆ. ಆದರೆ ಪದ ಬದಲಾಯಿತಲ್ಲ! ಗೆಳತಿಯರೆಲ್ಲ ಸೇರಿ ಆ ಒಂದು ಬದಲಾವಣೆಯ ಮೇಲೆ ರಾತ್ರಿಯಿಡೀ ಪಂಚಾಯ್ತಿ ಮಾಡುತ್ತಾರೆ ಎಂದು ಪುಯೆಬ್ಲದವಳು ಹೇಳಿದಳು. ‘ತೆ ಆಮೊ’ ದಿನಬಳಕೆಯ ಮಾತಾಗಿರುವ ಅವಳ ಊರಿನಲ್ಲೂ, ಹೊಸ ಜೋಡಿಯ ನಡುವೆ ಅದನ್ನು ಮೊದಲು ಯಾರು ಅಂದರು ಎಂಬುದು ನೆನಪಿನಲ್ಲಿ ಉಳಿಯುತ್ತದೆ.

ಇದನ್ನೆಲ್ಲ ನಾನು ಯಾಕೆ ಇಷ್ಟು ಹಚ್ಚಿಕೊಂಡೆ ಎಂದರೆ, ಸಪ್ತಾಪುರದಲ್ಲಿ ನನ್ನ ಜೊತೆ ಪರೀಕ್ಷೆಗೆ ಓದುವ ಹುಡುಗನೊಬ್ಬ ಇದ್ದಾನೆ. ಪರಿಚಯವಾಗಿ ಒಂದು ತಿಂಗಳಾಗಿರಲಿಲ್ಲ, ಲೈನ್ ಬಜಾರಿನಲ್ಲಿ ಪೇಢೆ ಕಟ್ಟಿಸಿಕೊಂಡು ನಿಂತಾಗ “ಐ ಲವ್ ಯೂ” ಎಂದುಬಿಟ್ಟ. ಎಂದು ಸುಮ್ಮನಾಗಲಿಲ್ಲ, ಕಾದ. ನನಗೆ ಅವನು ಬೇಕಾಗಿರಲಿಲ್ಲ ಎಂದಲ್ಲ. ಅವನು ಬರದ ದಿನ ಲೈಬ್ರರಿಯಲ್ಲಿ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಆದರೆ ಆ ಮೂರು ಇಂಗ್ಲಿಷ್ ಪದ ಬಾಯಿಗೆ ಬರಲಿಲ್ಲ. ಯಾಕೆಂದರೆ ಆ ಮಾತಿಗೆ ನಮ್ಮ ನಡುವೆ ಒಂದೇ ಮೆಟ್ಟಿಲು. ಸಿನಿಮಾದಲ್ಲಿ ಅದನ್ನು ಅಂದ ಮೇಲೆ ಮುಂದಿನ ದೃಶ್ಯ ಮದುವೆ ಇಲ್ಲವೇ ಹೊಡೆದಾಟ. ನನಗೆ ಇನ್ನೂ ಕೆಲಸ ಸಿಕ್ಕಿಲ್ಲ, ಅವನಿಗೂ ಇಲ್ಲ, ಎರಡೂ ಮನೆಯಲ್ಲಿ ಗೊತ್ತಿಲ್ಲ. “ಥ್ಯಾಂಕ್ಸ್” ಎಂದೆ. ಹೌದು, ಥ್ಯಾಂಕ್ಸ್. ಮೂರು ದಿನ ಅವನು ಮಾತಾಡಲಿಲ್ಲ. ಆ ಪೇಢೆಯ ಅಂಗಡಿಯ ಮುಂದೆ ನನ್ನ ಬಳಿ ಒಂದು ‘ತೆ ಕಿಯೆರೊ’ ಇದ್ದಿದ್ದರೆ ಸುಳ್ಳೂ ಹೇಳದೆ, ಅವನನ್ನೂ ನೋಯಿಸದೆ ಪಾರಾಗುತ್ತಿದ್ದೆ.

ದೀರ್ಘ ಸಂಸಾರದ ವಿಚಾರದಲ್ಲಿ ಮಾತ್ರ ಏಣಿಯ ಜೊತೆ ನನ್ನ ಜಗಳವಿದೆ. ವರ್ಷ ಕಳೆದಂತೆ ‘ತೆ ಕಿಯೆರೊ’ದಿಂದ ‘ತೆ ಆಮೊ’ಗೆ ಬಡ್ತಿ ಸಿಗುತ್ತದೆ ಎಂಬ ಕಲ್ಪನೆ, ಸರಕಾರಿ ನೌಕರಿಯ ಕನಸು ಕಾಣುವ ನಮ್ಮಂಥವರಿಗೆ ಹಿತವಾಗಿ ಕೇಳಿಸುತ್ತದೆ. ಆದರೆ ಸರಗೋಸದ ದಂಪತಿ 41 ವರ್ಷವೂ ಬಡ್ತಿಯಿಲ್ಲದೆ ಕಳೆದಿದ್ದಾರೆ, ಅವರಿಗೆ ಕೊರತೆ ಅನಿಸಿಲ್ಲ. ಸ್ಪೇನಿನಲ್ಲಿ ಬಹಳಷ್ಟು ಗಂಡ–ಹೆಂಡಿರ ಮನೆಮಾತು ‘ತೆ ಕಿಯೆರೊ’ವೇ. ಅಲ್ಲಿ ‘ತೆ ಆಮೊ’ ಹಾಡಿಗೆ, ಕವಿತೆಗೆ, ಅಮೆರಿಕ ಖಂಡದ ಧಾರಾವಾಹಿಗೆ ಹೊಂದುವ ಮಾತು. ಮೆಕ್ಸಿಕೊದಲ್ಲಿ ಅನೇಕ ಮನೆಗಳಲ್ಲಿ ‘ತೆ ಆಮೊ’ ಸಹಜ. ಅಂದರೆ ನಿರ್ಧರಿಸುವುದು ಮದುವೆಯ ವಯಸ್ಸಲ್ಲ, ಆ ಊರಿನ, ಆ ಮನೆಯ ರೂಢಿ. ಬೆಂಗಳೂರಿನಲ್ಲಿ ಸ್ಪ್ಯಾನಿಷ್ ಗ್ರಾಹಕರ ಕೆಲಸ ಹಿಡಿಯಲು ಕಲಿಯುತ್ತಿರುವವರು ಇಷ್ಟಾದರೂ ನೆನಪಿಟ್ಟುಕೊಳ್ಳಬೇಕು. ಮ್ಯಾಡ್ರಿಡ್‌ನ ಒಬ್ಬ ಅಜ್ಜ ಹೆಂಡತಿಗೆ ‘ತೆ ಕಿಯೆರೊ’ ಎಂದದ್ದು ಕೇಳಿ, ಪಾಪ ಇವರಲ್ಲಿ ಪ್ರೀತಿ ಅರ್ಧಕ್ಕೇ ನಿಂತಿದೆ ಎಂದುಕೊಂಡರೆ, ತಪ್ಪು ನಿಮ್ಮದು.

ನನ್ನ ವಾದಕ್ಕೆ ಕ್ಲಾಸಿನಲ್ಲಿ ಒಬ್ಬ ಗಟ್ಟಿ ಉತ್ತರ ಕೊಟ್ಟ. ಸ್ಪ್ಯಾನಿಷಿನ ಕ್ರೈಸ್ತ ಮದುವೆಯ ಪ್ರತಿಜ್ಞೆಯಲ್ಲಿ ಬದುಕಿನುದ್ದಕ್ಕೂ ಪ್ರೀತಿಸಿ ಗೌರವಿಸುತ್ತೇನೆ ಎಂಬಲ್ಲಿ ಇರುವುದು ‘ಆಮಾರ್’ ತಾನೆ ಎಂದ. ನಿಜ, ಅಲ್ಲಿ ‘ಕೆರೆರ್’ ಇಲ್ಲ. ಹತ್ತು ಜನರೆದುರು, ದೇವರೆದುರು ಆಡುವ ಮಾತಿಗೆ ಗಂಭೀರ ಪದವೇ ಬೇಕು, ಒಪ್ಪಿದೆ. ಆದರೆ ಅದೇ ಮದುವೆಯಲ್ಲಿ ಸ್ಪೇನಿನ ವಧುವರರು ಒಪ್ಪಿಗೆ ಕೊಡುವಾಗ ಹೇಳುವ ಹೆಸರಾಂತ ಮಾತು ‘ಸಿ, ಕಿಯೆರೊ’. ಹೌದು, ಬೇಕು. ಪತ್ರಿಕೆಗಳು ಯಾರದೋ ಮದುವೆಯ ಸುದ್ದಿ ಬರೆಯುವಾಗ ‘ಸಿ, ಕಿಯೆರೊ’ ಹೇಳಿದರು ಎಂದೇ ಬರೆಯುತ್ತವೆ. ಅಮೆರಿಕ ಖಂಡದ ಕಡೆ ಅದೇ ಜಾಗದಲ್ಲಿ ‘ಸಿ, ಅಸೆಪ್ತೊ’, ಒಪ್ಪಿದೆ ಎನ್ನುವುದು ಹೆಚ್ಚು. ಒಂದೇ ದಿನ, ಒಂದೇ ಜೋಡಿಯ ಬಾಯಲ್ಲಿ ಎರಡೂ ಕ್ರಿಯಾಪದ ಬರುತ್ತವೆ ಎಂದರೆ ಒಂದು ಚಿಕ್ಕದು ಒಂದು ದೊಡ್ಡದು ಎನ್ನುವುದು ಹೇಗೆ? ಕವಿ ಪಾಬ್ಲೊ ನೆರೂಡ 1959ರಲ್ಲಿ ಮತಿಲ್ದೆ ಉರುತಿಯಾಗೆ ಅರ್ಪಿಸಿದ ನೂರು ಪ್ರೇಮ ಸುನೀತಗಳಲ್ಲೂ ಎರಡೂ ಇವೆ. ಒಂದು ಸುನೀತ ‘ಆಮಾರ್’ ಹಿಡಿದು ಹೊರಟರೆ ಇನ್ನೊಂದು ‘ಕೆರೆರ್’ ಹಿಡಿದು ಜಗ್ಗಾಡುತ್ತದೆ. ಹೆಣ್ಣು ಒಬ್ಬಳೇ.

ಹಾಗಾಗಿ ನನ್ನನ್ನು ಕೇಳಿದರೆ ದೀರ್ಘ ದಾಂಪತ್ಯಕ್ಕೂ ‘ತೆ ಕಿಯೆರೊ’ವೇ ಇರಲಿ ಎನ್ನುತ್ತೇನೆ. ‘ತೆ ಆಮೊ’ ಮನೆಯ ರೂಢಿಯಾಗಿದ್ದರೆ ಧಾರಾಳವಾಗಿ ಅನ್ನಲಿ, ರೂಢಿಯಿಲ್ಲದವರು ವಾರ್ಷಿಕೋತ್ಸವಕ್ಕೆ ತಂದು ತೊಡಿಸುವುದು ಬೇಡ. 25 ವರ್ಷದ ಮೇಲೂ ‘ಬೇಕು’ ಎಂಬ ಅರ್ಥ ಒಳಗೆ ಮಿಡಿಯುವ ಪದ ಉಳಿದಿದ್ದರೆ ಅದು ಸಣ್ಣ ಸಂಗತಿಯಲ್ಲ. ‘ಪ್ರೀತಿಸುತ್ತೇನೆ’ ಎಂದು ಒಮ್ಮೆ ಹೇಳಿ ಕಪಾಟಿನಲ್ಲಿಡಬಹುದು. ‘ಬೇಕು’ ದಿನಾ ಏಳುತ್ತದೆ, ಹಸಿವಿನ ಹಾಗೆ.

ಧಾರವಾಡದವರಿಗೆ ಇದು ಹೊಸದೇನಲ್ಲ. ಸಾಧನಕೇರಿಯ ಬೇಂದ್ರೆ ಅಜ್ಜ 1937ರಲ್ಲಿ ತಮ್ಮ ಸಂಸಾರದ ಸುಖದುಃಖವನ್ನೇ ಒಂದು ಉದ್ದನೆಯ ಕಾವ್ಯ ಮಾಡಿದಾಗ ಅದಕ್ಕಿಟ್ಟ ಹೆಸರು ‘ಸಖೀಗೀತ’. ಮಡದಿಯನ್ನು ಕರೆದದ್ದು ಸಖಿ ಎಂದು, ಗೆಳತಿ ಎಂದು. ಗೆಳತಿಗೂ ಹೆಂಡತಿಗೂ ಒಂದೇ ಪದ ಸಾಕು ಎನ್ನುವ ಭಾಷೆಯವರು ಆ ಹೆಸರನ್ನು ಕೇಳಿದರೆ ತಲೆದೂಗುತ್ತಾರೆ ಎಂದು ನನಗನಿಸುತ್ತದೆ.

ಪತ್ರವನ್ನು ಕೊನೆಗೆ ತಿದ್ದಿದೆ. ಸರಗೋಸದ ಶಿಕ್ಷಕಿಯ ಮಾತಿನಂತೆ ಐದು ‘ತೆ ಆಮೊ’ ತೆಗೆದೆ, ಒಂದು ‘ತೆ ಕಿಯೆರೊ’ ಇಟ್ಟೆ, ಅದನ್ನೂ ಕೊನೆಯ ಸಾಲಿಗೆ. ಉಳಿದ ಜಾಗದಲ್ಲಿ ಡಬ್ಬಿಯಲ್ಲಿ ಏನಿತ್ತು ಎಂದು ಬರೆದೆ. ಕ್ಲಾಸಿನ ಟೀಚರ್ ಹತ್ತಕ್ಕೆ ಎಂಟು ಕೊಟ್ಟರು. ಎರಡು ಅಂಕ ಹೋದದ್ದು ಪ್ರೀತಿಗಲ್ಲ, ಸ್ವರಾಘಾತದ ಗುರುತು ಮರೆತದ್ದಕ್ಕೆ.

ಆ ಪತ್ರವನ್ನು ಕನ್ನಡಕ್ಕೆ ತಂದು ವಾರ್ಷಿಕೋತ್ಸವದ ಸಂಜೆ ಅಪ್ಪ–ಅವ್ವನಿಗೆ ಓದಿ ಹೇಳಿದೆ. ಅಪ್ಪ ಕೇಳಿ ಮುಗಿಸಿ, “ಆ ಗಂಡ ಹೇಳೂದನ್ನ ಕಾಗದದಾಗ ಯಾಕ ಬರದಾನ, ಹೆಂಡ್ತಿ ಬಾಜೂನ ಇದ್ದಾಳಲ್ಲ” ಎಂದ. ಅವ್ವ ಅಡುಗೆಮನೆಯಿಂದ, “ಬಾಜೂ ಇದ್ರ ನೀವೇನ್ ಅಂತೀರಿ?” ಎಂದಳು. ಅಪ್ಪ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಉಂಡೀ ಏನ?” ಎಂದು ಕೇಳಿದ. “ನೀವು ಬರ್ರಿ, ಕೂಡೇ ಉಣ್ಣೂಣು” ಎಂದಳು ಅವ್ವ. ಇದನ್ನು ಸ್ಪ್ಯಾನಿಷಿಗೆ ಹೇಗೆ ಅನುವಾದಿಸುವುದು ಎಂದು ಶಿಕ್ಷಕಿಗೆ ಕೇಳಿದ್ದೇನೆ, ಇನ್ನೂ ಯೋಚಿಸುತ್ತಿದ್ದಾರೆ.

ಸಪ್ತಾಪುರದ ಹುಡುಗನಿಗೂ ಉತ್ತರ ಬಾಕಿ ಇತ್ತು. ಕಳೆದ ತಿಂಗಳು ಜುಬಿಲಿ ಸರ್ಕಲ್ ಹತ್ತಿರ ಚಿಗರಿ ಬಸ್ಸಿಗೆ ಕಾಯುತ್ತ ನಿಂತಾಗ ಹೇಳಿದೆ, “ನೀ ನನಗ ಬೇಕಾದಾಂವ.”

“ಹಂಗಂದ್ರ? ಐ ಲವ್ ಯೂ ಅಂತ ಅಲ್ಲೇನು?”

ಬಸ್ಸು ಬಂತು. ಹುಬ್ಬಳ್ಳಿ ಮುಟ್ಟುವ ತನಕ ಅವನಿಗೆ ‘ಕೆರೆರ್’ ಕ್ರಿಯಾಪದ ಬಿಡಿಸಿ ಹೇಳಿದೆ.